ಗೋದಾಮಿನ ಗುಮಾಸ್ತನಿಗೆ 50ಕ್ಕೆ 43: ಐದು ಅಂಶಗಳ ವ್ಯಕ್ತಿತ್ವ ಪರೀಕ್ಷೆಯ ಅಂಕವನ್ನು ಎಷ್ಟು ನಂಬಬೇಕು?

ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಗೋದಾಮು ನೋಡಿಕೊಳ್ಳುವ ಗುಮಾಸ್ತ ಬೇಕು ಎಂದಿಟ್ಟುಕೊಳ್ಳಿ. ತೊಗರಿ ಚೀಲ ತೂಗಿಸಬೇಕು, ತೇವಾಂಶ ನೋಡಿ ಬರೆಯಬೇಕು, ಸ್ಟಾಕ್ ಪುಸ್ತಕವೂ ಗೋದಾಮಿನ ಚೀಲವೂ ತಾಳೆಯಾಗುವಂತೆ ಇಡಬೇಕು. ಅರ್ಜಿ ಹಾಕಿದವರು 12 ಮಂದಿ. ಅವರಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು ನೋಡೋಣ ಎಂದು ಮಾಲೀಕರಿಗೆ ಯಾರೋ ಹೇಳಿದ್ದಾರೆ. ಒಬ್ಬನಿಗೆ 50ಕ್ಕೆ 43 ಬಂತು, ಇನ್ನೊಬ್ಬನಿಗೆ 39. ಮೊದಲನೆಯವನನ್ನೇ ಇಟ್ಟುಕೊಳ್ಳಬೇಕೆ?

ಈ 43ರ ಬೆನ್ನು ಹತ್ತಿ ಕೊನೆಯವರೆಗೂ ಹೋಗೋಣ. ಮಿಲ್ಲು, ಅಭ್ಯರ್ಥಿಗಳು, ಅವರ ಅಂಕಗಳು ಲೆಕ್ಕ ತೋರಿಸಲು ಮಾಡಿಕೊಂಡ ಉದಾಹರಣೆ. ಸಂಶೋಧನೆಯ ಅಂಕಿಗಳು ಮಾತ್ರ ನಿಜವಾದವು.

ಮೊದಲು, ಯಾವ ಐದು?

1936ರಲ್ಲಿ ಆಲ್‌ಪೋರ್ಟ್ ಮತ್ತು ಆಡ್ಬರ್ಟ್ ಇಂಗ್ಲಿಷ್ ನಿಘಂಟು ಜಾಲಾಡಿ, ಒಬ್ಬರನ್ನು ಇನ್ನೊಬ್ಬರಿಂದ ಬೇರೆಯಾಗಿ ತೋರಿಸುವ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು. ಇಂಥ ಪದಗಳಲ್ಲಿ ಯಾವುದು ಯಾವುದರ ಜೊತೆಗೆ ಬರುತ್ತದೆ ಎಂದು ಮುಂದಿನವರು ಅಂಕಿಅಂಶದಿಂದ ನೋಡುತ್ತ ಹೋದರು. 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಅವರಿಗೆ ಐದು ಗೊಂಚಲು ಮತ್ತೆ ಮತ್ತೆ ಕಂಡವು. ಅವೇ ಇಂದಿನ ಐದು ಅಂಶಗಳು: ಹೊಸತಿಗೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಬಹಿರ್ಮುಖತೆ, ಸೌಹಾರ್ದ, ಮನಸ್ಸಿನ ಅಸ್ಥಿರತೆ. ಮನಶ್ಶಾಸ್ತ್ರದ ಪಠ್ಯಗಳು ಎರಡನೆಯದನ್ನು ಕರ್ತವ್ಯಪ್ರಜ್ಞೆ ಎಂದೂ ಕರೆಯುತ್ತವೆ. ಇಲ್ಲಿ ಅಚ್ಚುಕಟ್ಟುತನ ಎಂದೇ ಬಳಸುತ್ತೇವೆ, ಏಕೆಂದರೆ ‘ಕರ್ತವ್ಯ’ ಎಂದ ಕೂಡಲೇ ಅದಕ್ಕೆ ನೀತಿಯ ಬಣ್ಣ ಬಂದುಬಿಡುತ್ತದೆ.

ಇವು ಐದು ಜಾತಿಯ ಮನುಷ್ಯರಲ್ಲ, ಐದು ಅಳತೆಪಟ್ಟಿಗಳು. ಪ್ರತಿಯೊಬ್ಬರೂ ಪ್ರತಿ ಪಟ್ಟಿಯ ಮೇಲೆ ಎಲ್ಲೋ ಒಂದು ಕಡೆ ಇರುತ್ತಾರೆ, ಹೆಚ್ಚಿನವರು ನಡುವಿನಲ್ಲಿ. “ನೀವು ಇಂಥ ಟೈಪ್” ಎಂದು ಹೇಳುವ ವರದಿ ಯಾರಾದರೂ ಕೊಟ್ಟರೆ ಅದು ಈ ಮಾದರಿಯದಲ್ಲ, ಅಥವಾ ಈ ಮಾದರಿಯನ್ನು ಕೆಡಿಸಿ ಕೊಟ್ಟದ್ದು.

ಗೋದಾಮಿನ ಕೆಲಸಕ್ಕೆ ಐದೂ ಬೇಕಿಲ್ಲ. ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಲ್ಲ ಬಗೆಯ ಕೆಲಸಗಳಲ್ಲೂ ಕೆಲಸದ ಗುಣಮಟ್ಟದೊಂದಿಗೆ ನಂಟು ತೋರಿಸಿದ್ದು ಅಚ್ಚುಕಟ್ಟುತನ ಮಾತ್ರ. ಬಹಿರ್ಮುಖತೆಗೆ ಬೆಲೆ ಬಂದದ್ದು ಮಾರಾಟ ಮತ್ತು ಮೇಲ್ವಿಚಾರಣೆಯಂಥ ಕೆಲಸಗಳಲ್ಲಿ. ಹಾಗಾಗಿ ಒಂದೇ ಪಟ್ಟಿ ಸಾಕು. ಐದನ್ನೂ ಅಳೆದರೆ ಬೇಡದ ನಾಲ್ಕು ಅಂಕಗಳು ಮೇಜಿನ ಮೇಲೆ ಬಂದು ಕೂರುತ್ತವೆ, ಆಮೇಲೆ ಅವನ್ನು ನೋಡದೆ ಇರಲು ಯಾರಿಂದಲೂ ಆಗುವುದಿಲ್ಲ.

ಹೆಜ್ಜೆ 1: ಹತ್ತು ವಾಕ್ಯ, ಕನ್ನಡದಲ್ಲಿ

ದುಡ್ಡು ಕೊಟ್ಟು ಪರೀಕ್ಷೆ ಕೊಳ್ಳಬೇಕಿಲ್ಲ. ipip.ori.org ಎಂಬ ತಾಣದಲ್ಲಿ ಯಾರು ಬೇಕಾದರೂ ಬಳಸಬಹುದಾದ ವಾಕ್ಯಗಳ ಸಂಗ್ರಹವಿದೆ, ಹಕ್ಕಿನ ತಕರಾರಿಲ್ಲ. ಅಲ್ಲಿನ 50 ವಾಕ್ಯಗಳ ಪರೀಕ್ಷೆಯಲ್ಲಿ ಅಚ್ಚುಕಟ್ಟುತನಕ್ಕೆ ಹತ್ತು ವಾಕ್ಯಗಳಿವೆ, ಆರು ನೇರ ಮತ್ತು ನಾಲ್ಕು ತಿರುವು. ತಿರುವು ಎಂದರೆ ‘ಹೊಂದುತ್ತದೆ’ ಎಂದಷ್ಟೂ ಅಚ್ಚುಕಟ್ಟುತನ ಕಡಿಮೆ ಎಂದು ತೋರಿಸುವ ವಾಕ್ಯ. ಈ ಕಡೆಯ ಕನ್ನಡದಲ್ಲಿ ಅವು ಹೀಗೆ ಬರಬಹುದು:

1. ಕೆಲಸಕ್ಕೆ ನಿಲ್ಲುವ ಮೊದಲೇ ಯಾವಾಗಲೂ ತಯಾರಾಗಿರುತ್ತೇನೆ.
2. ನನ್ನ ಸಾಮಾನು ಎಲ್ಲೆಂದರಲ್ಲಿ ಬಿಟ್ಟಿರುತ್ತೇನೆ. (ತಿರುವು)
3. ಸಣ್ಣಪುಟ್ಟದಕ್ಕೂ ಲಕ್ಷ್ಯ ಕೊಡುತ್ತೇನೆ.
4. ಕೆಲಸವನ್ನು ಗೋಜಲು ಮಾಡಿಬಿಡುತ್ತೇನೆ. (ತಿರುವು)
5. ಮಾಡಬೇಕಾದ ಕೆಲಸ ಅಲ್ಲಿಂದಲ್ಲಿಗೇ ಮುಗಿಸುತ್ತೇನೆ.
6. ತೆಗೆದ ವಸ್ತು ಮತ್ತೆ ಅದರ ಜಾಗದಲ್ಲಿಡಲು ಎಷ್ಟೋ ಸಲ ಮರೆಯುತ್ತೇನೆ. (ತಿರುವು)
7. ಎಲ್ಲ ಒಪ್ಪ ಓರಣವಾಗಿರುವುದು ನನಗೆ ಇಷ್ಟ.
8. ನನ್ನ ಪಾಲಿನ ಕೆಲಸದಿಂದ ತಪ್ಪಿಸಿಕೊಳ್ಳುತ್ತೇನೆ. (ತಿರುವು)
9. ಇಂಥ ಹೊತ್ತಿಗೆ ಇಂಥ ಕೆಲಸ ಎಂದು ಇಟ್ಟುಕೊಂಡು ಅದರಂತೆ ನಡೆಯುತ್ತೇನೆ.
10. ಮಾಡುವ ಕೆಲಸದಲ್ಲಿ ಕರಾರುವಾಕ್ಕಾಗಿರುತ್ತೇನೆ.

ಪ್ರತಿ ವಾಕ್ಯದ ಮುಂದೆ 1ರಿಂದ 5: ‘ನನಗೆ ಸ್ವಲ್ಪವೂ ಹೊಂದುವುದಿಲ್ಲ’ದಿಂದ ‘ಪೂರ್ತಿ ಹೊಂದುತ್ತದೆ’ವರೆಗೆ. ಮೇಲ್ಗಡೆ ‘ಕೆಲಸದ ಜಾಗದಲ್ಲಿ ನಾನು...’ ಎಂದು ಒಂದು ಸಾಲು ಬರೆಯಿರಿ. ಈ ಒಂದು ಸಾಲಿಗೆ ಬೆಲೆಯಿದೆ. ಮನೆಯಲ್ಲಿ ಚಪ್ಪಲಿ ಎಲ್ಲೋ ಬಿಡುವವನು ಅಂಗಡಿಯ ಲೆಕ್ಕದಲ್ಲಿ ಕಟ್ಟುನಿಟ್ಟಾಗಿರಬಹುದು. ಕೆಲಸದ ಸಂದರ್ಭ ಕಟ್ಟಿಕೊಟ್ಟು ಕೇಳಿದಾಗ ಅಂಕಕ್ಕೂ ಕೆಲಸಕ್ಕೂ ಇರುವ ನಂಟು ಬಿಗಿಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಅನುವಾದದಲ್ಲಿ ಎಡವುವ ಜಾಗ ಎರಡು. ಒಂದು, ಪದ. ಇದೇ ಸಂಗ್ರಹದ ಬಹಿರ್ಮುಖತೆಯ ಪಟ್ಟಿಯಲ್ಲಿ ಪಾರ್ಟಿಯಲ್ಲಿ ತಾನೇ ಕಳೆ ತುಂಬುವವನು ಎಂಬರ್ಥದ ವಾಕ್ಯವಿದೆ. ಎಪಿಎಂಸಿ ಅಂಗಳದಲ್ಲಿ ‘ಪಾರ್ಟಿ’ ಎಂದರೆ ಮಾಲು ಕೊಳ್ಳಲು ಬಂದ ವ್ಯಾಪಾರಿ, ಚುನಾವಣೆ ಹತ್ತಿರ ಬಂದರೆ ಪಕ್ಷ, ರಾತ್ರಿಯಾದರೆ ಬೇರೆಯೇ ಅರ್ಥ. ‘ಮದುವಿ, ಜಾತ್ರಿ ಇದ್ದಾಗ’ ಎಂದು ಬದಲಿಸದೆ ಗತಿಯಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ, ಇಲ್ಲ ಎನ್ನುವ ವಾಕ್ಯ. ‘ನಾನು ಹೆಚ್ಚು ಮಾತಾಡುವುದಿಲ್ಲ’ ಎಂದು ಕೊಟ್ಟರೆ ಮಿತಭಾಷಿಯೊಬ್ಬ “ಹೌದ್ರಿ, ಮಾತಾಡಂಗಿಲ್ಲ” ಎನ್ನುತ್ತಾನೆ. ಅವನಷ್ಟೇ ಮಿತಭಾಷಿಯಾದ ಇನ್ನೊಬ್ಬ “ಇಲ್ರಿ, ಮಾತಾಡಂಗಿಲ್ಲ” ಎನ್ನುತ್ತಾನೆ. ಅರ್ಥ ಒಂದೇ, ಆದರೆ ಹಾಳೆಯ ಮೇಲೆ ಒಬ್ಬನದು 5, ಇನ್ನೊಬ್ಬನದು 1. ಆದ್ದರಿಂದ ತಿರುವು ವಾಕ್ಯಗಳನ್ನು ‘ಇಲ್ಲ’ದಿಂದ ಕಟ್ಟಬೇಡಿ. ಮೇಲಿನ ಪಟ್ಟಿಯಲ್ಲಿ ‘ಮರೆಯುತ್ತೇನೆ’, ‘ತಪ್ಪಿಸಿಕೊಳ್ಳುತ್ತೇನೆ’ ಎಂದಿರುವುದು ಇದಕ್ಕೇ.

ಅನುವಾದವಾದ ಮೇಲೆ ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಇಂಗ್ಲಿಷಿಗೆ ತಿರುಗಿ ಬರೆಸಿ, ಮೂಲದ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಅದೇ ಬಗೆಯ ಕೆಲಸದಲ್ಲಿರುವ ಐದಾರು ಜನರ ಮುಂದಿಟ್ಟು, “ಇದರ ಅರ್ಥ ನಿಮ್ಮ ಮಾತಿನಾಗ ಹೇಳ್ರಿ” ಎಂದು ಪ್ರತಿ ವಾಕ್ಯಕ್ಕೂ ಕೇಳಿ. ‘ಕರಾರುವಾಕ್ಕು’ ಕೆಲವರಿಗೆ ಹತ್ತುವುದಿಲ್ಲ. ಹಾಗಿದ್ದರೆ ‘ಕೆಲಸದಾಗ ಒಂದು ಕೂದಲೆಳಿಯಷ್ಟೂ ತಪ್ಪು ಬಿಡಂಗಿಲ್ಲ’ ಎಂದು ಬದಲಿಸಲು ಮನಸ್ಸಾಗುತ್ತದೆ, ಆದರೆ ಈಗಷ್ಟೇ ಹೇಳಿದ ‘ಇಲ್ಲ’ ಅಲ್ಲಿ ನುಸುಳಿಬಿಟ್ಟಿತು. ‘ಅಳದು ತೂಗಿ ಕೆಲಸ ಮಾಡ್ತೀನಿ’ ಎಂದರೆ ಕ್ಷೇಮ.

ಓದು ಬರಹ ಬಾರದವರಿಗೆ ವಾಕ್ಯಗಳನ್ನು ಓದಿ ಹೇಳಿ ಉತ್ತರ ಬರೆದುಕೊಳ್ಳುವ ದಾರಿ ಸುಲಭವಾಗಿ ಕಾಣುತ್ತದೆ. ಆ ದಾರಿ ಹಿಡಿಯಬೇಡಿ. 2019ರಲ್ಲಿ ಪ್ರಕಟವಾದ, ಲಜಾಜ್ ಮತ್ತು ಸಂಗಡಿಗರ ಅಧ್ಯಯನ ಕಡಿಮೆ ಮತ್ತು ಮಧ್ಯಮ ಆದಾಯದ 23 ದೇಶಗಳ ಸಮೀಕ್ಷೆಗಳನ್ನು ಪರಿಶೀಲಿಸಿತು. ಎದುರು ಕೂತು ಕೇಳಿ ಪಡೆದ ಉತ್ತರಗಳಲ್ಲಿ ಐದು ಅಂಶಗಳು ಬೇರೆಬೇರೆಯಾಗಿ ಮೂಡಿಯೇ ಇರಲಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಎನ್ನುವುದು ಅಲ್ಲಿನ ದೊಡ್ಡ ತೊಡಕುಗಳಲ್ಲೊಂದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52%, ರಾಜ್ಯದಲ್ಲೇ ಕಡಿಮೆ. ಹಮಾಲರ ನೇಮಕಕ್ಕೆ ಈ ಹಾಳೆ ಒಯ್ದರೆ ನೀವು ಅಳೆಯುವುದು ಅಚ್ಚುಕಟ್ಟುತನವನ್ನಲ್ಲ, ಸಾವುಕಾರರ ಎದುರು ‘ಹೂಂ’ ಎನ್ನುವ ರೂಢಿಯನ್ನು.

ಹೆಜ್ಜೆ 2: ಹೋಲಿಸಲು ಒಂದು ಗುಂಪು

43 ಎಂಬ ಅಂಕಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಬೇರೆಯವರಿಗೆ ಎಷ್ಟು ಬರುತ್ತದೆ ಎಂದು ಗೊತ್ತಾದಾಗಲೇ ಅದು ಹೆಚ್ಚೋ ಕಡಿಮೆಯೋ. ಅಮೆರಿಕದ ಕೋಷ್ಟಕ ಇಲ್ಲಿಗೆ ಬರುವುದಿಲ್ಲ. ‘ಒಪ್ಪ ಓರಣ’ಕ್ಕೆ ಪ್ರತಿಯೊಬ್ಬರೂ ತಮ್ಮ ಸುತ್ತಲಿನವರ ಜೊತೆಗೆ ತಮ್ಮನ್ನು ಹೋಲಿಸಿಕೊಂಡು ಅಂಕ ಕೊಟ್ಟುಕೊಳ್ಳುತ್ತಾರೆ. ಹೈನ್ ಮತ್ತು ಸಂಗಡಿಗರು 2008ರಲ್ಲಿ ದೇಶ ದೇಶಗಳ ಅಚ್ಚುಕಟ್ಟುತನವನ್ನು ಹೋಲಿಸುವಾಗ ಅಂಚೆ ಕಚೇರಿಯ ಕೆಲಸದ ವೇಗ, ಸಾರ್ವಜನಿಕ ಗಡಿಯಾರಗಳು ಸರಿಯಾದ ಸಮಯ ತೋರಿಸುತ್ತವೆಯೇ ಎಂಬಂಥ ಕಣ್ಣಿಗೆ ಕಾಣುವ ಅಳತೆಗಳನ್ನು ಪಕ್ಕದಲ್ಲಿಟ್ಟರು. ಜನ ತಮಗೆ ತಾವೇ ಕೊಟ್ಟುಕೊಂಡ ಅಂಕಗಳ ದೇಶವಾರು ಸರಾಸರಿ ಅವುಗಳ ಜೊತೆಗೆ ಹೊಂದಲಿಲ್ಲ. ಬೀದರಿನವರಿಗಿಂತ ಮಂಗಳೂರಿನವರು ಹೀಗೆ, ಹಾಗೆ ಎಂದು ಈ ಅಂಕ ಹಿಡಿದು ಮಾತಾಡುವವರಿಗೂ ಇದೇ ಉತ್ತರ.

ಹಾಗಾಗಿ ನಾಲ್ಕೈದು ಮಿಲ್ಲುಗಳವರು ಸೇರಿ, ಈಗಾಗಲೇ ಗೋದಾಮು ಮತ್ತು ಲೆಕ್ಕದ ಕೆಲಸದಲ್ಲಿರುವ 60 ಮಂದಿಯಿಂದ ಹೆಸರಿಲ್ಲದೆ ಹಾಳೆ ತುಂಬಿಸಿಕೊಳ್ಳಿ. ಸ್ಪ್ರೆಡ್‌ಶೀಟಿನಲ್ಲಿ ಒಬ್ಬರಿಗೆ ಒಂದು ಸಾಲು, ವಾಕ್ಯ 1ರಿಂದ 10 B ಇಂದ K ಕಾಲಂವರೆಗೆ, ಮೊತ್ತ L ಕಾಲಂನಲ್ಲಿ. ತಿರುವು ವಾಕ್ಯಗಳಿಗೆ (2, 4, 6, 8) ಬಂದ ಉತ್ತರವನ್ನು 6ರಿಂದ ಕಳೆದು ಬರೆಯಿರಿ. ಆಮೇಲೆ:

```
B63:  =VAR.S(B2:B61)        (K63 ವರೆಗೆ ಎಳೆಯಿರಿ)
L63:  =VAR.S(L2:L61)
N62:  =AVERAGE(L2:L61)
N63:  =10/9*(1-SUM(B63:K63)/L63)
N64:  =STDEV.S(L2:L61)*SQRT(1-N63)
```

N63ರಲ್ಲಿ ಬರುವುದು ಆಲ್ಫಾ: ಹತ್ತೂ ವಾಕ್ಯಗಳು ಒಂದೇ ಸಂಗತಿಯ ಸುತ್ತ ಎಷ್ಟು ಕೂಡಿ ನಿಂತಿವೆ ಎಂಬುದರ ಅಳತೆ. ಮೂಲ ಇಂಗ್ಲಿಷ್ ಪಟ್ಟಿಗೆ ಇದು 0.79. ನಿಮ್ಮದು 0.6ಕ್ಕಿಂತ ಕೆಳಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಾಗಿ ತಪ್ಪು ಇರುವುದು ತಿರುವು ವಾಕ್ಯಗಳಲ್ಲಿ. ಒಂದೊಂದೇ ವಾಕ್ಯವನ್ನು L ಕಾಲಂನ ಮೊತ್ತದಿಂದಲೂ ಬಿಟ್ಟು ಲೆಕ್ಕ ಹಾಕಿದರೆ (ಆಗ ಸೂತ್ರದ 10/9 ಬದಲು 9/8) ಯಾವುದು ಆಲ್ಫಾವನ್ನು ಕೆಳಕ್ಕೆ ಎಳೆಯುತ್ತಿದೆ ಎಂದು ತಿಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ 60 ಮಂದಿಯ ಸರಾಸರಿ 38, ಮಾನಕ ವಿಚಲನೆ 6, ಆಲ್ಫಾ 0.79 ಎಂದಿಟ್ಟುಕೊಳ್ಳೋಣ. ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯ ಆಚೀಚೆ ಎಷ್ಟು ಹರಡಿವೆ ಎಂಬುದರ ಅಳತೆ.

ಹೆಜ್ಜೆ 3: ಅಂಕ ಕೂಡುವುದು

ಮೊದಲ ಅಭ್ಯರ್ಥಿಯ ಹಾಳೆ, ವಾಕ್ಯ 1ರಿಂದ 10ರವರೆಗೆ: 4, 2, 5, 1, 4, 3, 5, 1, 4, 4. ತಿರುವಿನವನ್ನು ತಿರುಗಿಸಿದರೆ ಎರಡನೆಯದು 4, ನಾಲ್ಕನೆಯದು 5, ಆರನೆಯದು 3ಕ್ಕೆ 3, ಎಂಟನೆಯದು 5. ಒಟ್ಟು 43.

ತಿರುಗಿಸಲು ಮರೆತು ಹಾಗೇ ಕೂಡಿದ್ದರೆ? 33. ಸರಾಸರಿಗಿಂತ ಮೇಲಿದ್ದವನು ಒಂದೇ ಏಟಿಗೆ ಕೆಳಗೆ ಬಿದ್ದ. ಈ ತಪ್ಪು ಎಷ್ಟು ಸಾಮಾನ್ಯವೋ ಅಷ್ಟೇ ಕಣ್ಣಿಗೆ ಬೀಳದ್ದು, ಏಕೆಂದರೆ 33 ಕೂಡ ನೋಡಲು ಸರಿಯಾದ ಅಂಕದಂತೆಯೇ ಇರುತ್ತದೆ.

ಮೊತ್ತ ಒಪ್ಪುವ ಮುನ್ನ ಇನ್ನೊಂದು ತಪಾಸಣೆ ಮಾಡಿ. ತಿರುಗಿಸದ ಮೂಲ ಉತ್ತರಗಳಲ್ಲಿ ಆರು ನೇರ ವಾಕ್ಯಗಳ ಸರಾಸರಿ ತೆಗೆಯಿರಿ, ನಾಲ್ಕು ತಿರುವು ವಾಕ್ಯಗಳ ಸರಾಸರಿ ತೆಗೆಯಿರಿ, ಆ ಎರಡರ ನಡುವನ್ನು ನೋಡಿ. ಈತನದು 4.33 ಮತ್ತು 1.75, ನಡು 3.04. ವಾಕ್ಯ ಓದಿ ಉತ್ತರ ಕೊಟ್ಟವರದು ಹೀಗೆ 3ರ ಆಸುಪಾಸಿನಲ್ಲಿರುತ್ತದೆ. ಎಲ್ಲದಕ್ಕೂ 4 ಹಾಕಿ ಎದ್ದುಹೋದವನದು ನಡು 4, ಮೊತ್ತ 32. ಆ 32 ‘ಅಚ್ಚುಕಟ್ಟುತನ ಕಡಿಮೆ’ ಎಂದಲ್ಲ, ಹಾಳೆ ಓದಿಲ್ಲ ಎಂದು. ನಡು 4ರ ಹತ್ತಿರವಿದ್ದರೆ ಮೊತ್ತವನ್ನು ಬದಿಗಿಡಿ.

ಹೆಜ್ಜೆ 4: 43 ಮತ್ತು 39, ನಿಜವಾಗಿ ಬೇರೆಯೇ?

N64ರಲ್ಲಿ ಬರುವುದು ಅಳತೆಯ ದೋಷ. ನಮ್ಮ ಅಂಕಿಗಳಲ್ಲಿ 6 × √0.21, ಅಂದರೆ ಸುಮಾರು 2.75. ಇದರ ಸುಮಾರು ಎರಡರಷ್ಟನ್ನು ಆಚೆ ಈಚೆ ಬಿಟ್ಟು ಅಂಕವನ್ನು ಓದಬೇಕು. 43 ಎಂದರೆ ಸುಮಾರು 37.5ರಿಂದ 48.5ರ ನಡುವೆ ಎಲ್ಲೋ. ಇಬ್ಬರ ಅಂಕ ಹೋಲಿಸುವಾಗ ಇಬ್ಬರ ದೋಷವೂ ಸೇರುತ್ತದೆ. ಅವರ ನಡುವೆ 7.6 ಅಂಕದ ಅಂತರವಾದರೂ ಇದ್ದಾಗ ಮಾತ್ರ ಇವರು ಬೇರೆ ಎಂದು ಧೈರ್ಯದಿಂದ ಹೇಳಬಹುದು. ಇಲ್ಲಿರುವುದು 4.

ತಕ್ಕಡಿಯವರಿಗೆ ಇದು ಹೊಸ ಮಾತಲ್ಲ. ಐದು ಕಿಲೊ ಆಚೀಚೆ ತೋರಿಸುವ ಕಾಟಾದ ಮೇಲೆ ಎರಡು ಕಿಲೊ ವ್ಯತ್ಯಾಸಕ್ಕೆ ಯಾರೂ ಜಗಳವಾಡುವುದಿಲ್ಲ. ವ್ಯಕ್ತಿತ್ವದ ಅಂಕ ಬಂದಾಗ ಮಾತ್ರ 43 ದೊಡ್ಡದು, 39 ಸಣ್ಣದು ಎಂದು ಸಾಲಾಗಿ ನಿಲ್ಲಿಸಿಬಿಡುತ್ತೇವೆ.

ಹೆಜ್ಜೆ 5: ನೂರರಲ್ಲಿ 80, ಆಮೇಲೆ 65, ಕೊನೆಗೆ 53

43 ಸರಾಸರಿಗಿಂತ 5 ಹೆಚ್ಚು, ಅಂದರೆ 0.83 ಮಾನಕ ವಿಚಲನೆ ಮೇಲೆ. ಸಹಜ ಹಂಚಿಕೆಯ ಪ್ರಕಾರ ನೂರು ಜನರಲ್ಲಿ ಸುಮಾರು 80 ಜನರಿಗಿಂತ ಮೇಲೆ. ಮಾರಾಟಕ್ಕಿರುವ ವರದಿಗಳಲ್ಲಿ ಬಣ್ಣದ ಪಟ್ಟಿ ಹಾಕಿ ತೋರಿಸುವುದು ಈ 80ನ್ನೇ. ಓದುವವರು ಇದನ್ನು ‘ಕೆಲಸದಲ್ಲಿ ನೂರಕ್ಕೆ 80’ ಎಂದು ಓದಿಕೊಳ್ಳುತ್ತಾರೆ.

ಮೊದಲ ಕಡಿತ ಇಲ್ಲಿದೆ. ನಮ್ಮ 60 ಮಂದಿ ಹೆಸರಿಲ್ಲದೆ ತುಂಬಿದವರು, ಅವರಿಗೆ ಏನೂ ಆಗಬೇಕಿರಲಿಲ್ಲ. ಅಭ್ಯರ್ಥಿಗೆ ಕೆಲಸ ಬೇಕು. ‘ನನ್ನ ಪಾಲಿನ ಕೆಲಸದಿಂದ ತಪ್ಪಿಸಿಕೊಳ್ಳುತ್ತೇನೆ’ ಎಂಬುದಕ್ಕೆ 5 ಹಾಕುವಷ್ಟು ಪೆದ್ದರು ಯಾರೂ ಇಲ್ಲ. ಬರ್ಕ್‌ಲ್ಯಾಂಡ್ ಮತ್ತು ಸಂಗಡಿಗರು 2006ರಲ್ಲಿ ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ, ಕೆಲಸಕ್ಕೆ ಅರ್ಜಿ ಹಾಕಿದವರ ಅಚ್ಚುಕಟ್ಟುತನದ ಅಂಕ ಉಳಿದವರಿಗಿಂತ ಸುಮಾರು 0.45 ಮಾನಕ ವಿಚಲನೆಯಷ್ಟು ಹೆಚ್ಚಿತ್ತು. ನಮ್ಮಲ್ಲಿ ಅದು 2.7 ಅಂಕ. ಅಂದರೆ ಅಭ್ಯರ್ಥಿಗಳ ಸರಾಸರಿ 38 ಅಲ್ಲ, 40.7ರ ಹತ್ತಿರ. ಅವರ ನಡುವೆ 43 ಎಂದರೆ 0.38 ಮಾತ್ರ ಮೇಲೆ, ನೂರರಲ್ಲಿ 65.

ಎರಡನೆಯ ಕಡಿತ ದೊಡ್ಡದು. ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕಗಳನ್ನು ಮರಳಿ ತೂಗಿ ನೋಡಿದಾಗ, ಅಚ್ಚುಕಟ್ಟುತನದ ಅಂಕಕ್ಕೂ ಕೆಲಸದ ಗುಣಮಟ್ಟಕ್ಕೂ ಇರುವ ಸಹಸಂಬಂಧ 0.19 ಎಂದು ಬಂತು. ಸಹಸಂಬಂಧ 0 ಎಂದರೆ ನಂಟೇ ಇಲ್ಲ, 1 ಎಂದರೆ ಎರಡೂ ಪೂರ್ತಿ ಜೊತೆಜೊತೆಗೆ ಸಾಗುತ್ತವೆ. 0.2 ಎಂದೇ ಹಿಡಿಯೋಣ. ಭವಿಷ್ಯ ಹೇಳುವಾಗ ಮೇಲಿರುವ ದೂರವನ್ನು ಇದರಿಂದ ಗುಣಿಸಬೇಕು:

```
0.38 × 0.2 = 0.076
```

ಕೆಲಸದಲ್ಲಿ ಈತ ಸರಾಸರಿಗಿಂತ 0.076 ಮಾನಕ ವಿಚಲನೆ ಮೇಲಿರಬಹುದು ಎಂಬುದು ನಮ್ಮ ಅತ್ಯುತ್ತಮ ಊಹೆ. ನೂರರಲ್ಲಿ 53. ಅದೂ ನಡುಬಿಂದು ಅಷ್ಟೇ, ಅದರ ಸುತ್ತ ಅನುಮಾನದ ಹರವು ಹಾಗೇ ಇದೆ. √(1 − 0.04) ಎಂದರೆ 0.98. ಈತನ ಅಂಕ ಗೊತ್ತಿಲ್ಲದಾಗ ಇದ್ದ ಹರವಿನಲ್ಲಿ, ಅಂಕ ಗೊತ್ತಾದ ಮೇಲೆ ಕಡಿಮೆಯಾದದ್ದು 2% ಮಾತ್ರ.

ಹಾಗಾದರೆ ಈ ಪರೀಕ್ಷೆ ಸುಮ್ಮನೆಯೇ? ಅಲ್ಲ, ಅದರ ಬೆಲೆ ಇರುವುದು ಗುಂಪಿನಲ್ಲಿ. ಸುಮ್ಮನೆ ಆರಿಸಿದರೆ ನೂರರಲ್ಲಿ 50 ಮಂದಿ ಚೆನ್ನಾಗಿ ಕೆಲಸ ಮಾಡುವವರು ಸಿಗುತ್ತಾರೆ ಎಂದಿಟ್ಟುಕೊಳ್ಳಿ. ಅಂಕದಲ್ಲಿ ಮೇಲಿನ ಅರ್ಧವನ್ನೇ ಆರಿಸಿದರೆ ಅಂಥವರು 56 ಆಗುತ್ತಾರೆ. ಅರ್ಜಿ ಹಾಕಿದವರಲ್ಲಿ ಮೇಲಿನ ಹತ್ತನೇ ಒಂದು ಭಾಗವನ್ನಷ್ಟೇ ತೆಗೆದುಕೊಂಡರೆ ಸುಮಾರು 64. ಸಾವಿರಾರು ಜನರನ್ನು ನೇಮಿಸುವ ಸಂಸ್ಥೆಗೆ ಇದು ದೊಡ್ಡ ಲಾಭ. ಒಬ್ಬನೇ ಗುಮಾಸ್ತನನ್ನು ಹುಡುಕುವ ಮಿಲ್ಲಿಗೆ ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲು.

ಒಂದು ದಿನ ಮತ್ತು ಒಂದು ವರ್ಷ

1968ರಲ್ಲಿ ವಾಲ್ಟರ್ ಮಿಶೆಲ್ ಎತ್ತಿದ ತಕರಾರು ಇದೇ: ಗುಣದ ಅಂಕಕ್ಕೂ ಒಂದು ನಿರ್ದಿಷ್ಟ ಸಂದರ್ಭದ ನಡತೆಗೂ ಸಹಸಂಬಂಧ 0.3 ದಾಟುವುದು ಅಪರೂಪ. ಅದಕ್ಕೆ ಸೀಮೋರ್ ಎಪ್‌ಸ್ಟೀನ್ ಕೊಟ್ಟ ಉತ್ತರ, ಒಂದು ಸಂದರ್ಭ ನೋಡಬೇಡಿ, ಹಲವನ್ನು ಕೂಡಿ ನೋಡಿ ಎಂದು. ಇಬ್ಬರೂ ಸರಿ.

ಗೋದಾಮಿಗೆ ತಂದು ನೋಡಿ. ಬರುವ ಸೋಮವಾರ ಈತ ಹೊತ್ತಿಗೆ ಸರಿಯಾಗಿ ಬರುತ್ತಾನೆಯೇ ಎಂಬುದನ್ನು ಅಂಕ ಹೇಳಲಾರದು. ಬಸ್ ತಪ್ಪಬಹುದು, ಮಗುವಿಗೆ ಜ್ವರ ಬರಬಹುದು. ಹನ್ನೆರಡು ತಿಂಗಳ ತಡಗಳನ್ನೆಲ್ಲ ಕೂಡಿದರೆ ಆಕಸ್ಮಿಕಗಳು ಒಂದನ್ನೊಂದು ಹೊಡೆದುಹಾಕಿ, ಗುಣದ ಗೆರೆ ತಿಳಿಯಾಗಿ ಕಾಣತೊಡಗುತ್ತದೆ. ಕೆಲವು ದಿನಗಳಂತೂ ಗುಣವನ್ನು ತೋರಿಸುವುದೇ ಇಲ್ಲ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಊರಿಗೆ ಊರೇ ತೇರಿನ ಮುಂದಿದ್ದಾಗ ಒಬ್ಬ ಗೈರಾದರೆ ಅದರಿಂದ ಅವನ ಬಗ್ಗೆ ಏನೂ ತಿಳಿಯುವುದಿಲ್ಲ, ಸಂದರ್ಭವೇ ಎಲ್ಲರನ್ನೂ ಒಂದೇ ಕಡೆ ಎಳೆದಿದೆ. ಹಾಗೆಯೇ ಪ್ರತಿ ಚೀಲಕ್ಕೂ ಇಬ್ಬರ ಸಹಿ ಬೇಕೆನ್ನುವ ಮಿಲ್ಲಿನಲ್ಲಿ ಅಚ್ಚುಕಟ್ಟಾದವನೂ ಅಲ್ಲದವನೂ ಹೆಚ್ಚುಕಡಿಮೆ ಒಂದೇ ಬಗೆಯ ಪುಸ್ತಕ ಇಡುತ್ತಾರೆ. ಗುಣಕ್ಕೆ ಕೆಲಸವಿರುವುದು ನಿಯಮ ಸಡಿಲವಿದ್ದಲ್ಲಿ.

ಮಾಲೀಕರ ನಿಜವಾದ ಪ್ರಶ್ನೆ

ಹಾಳೆ ನೋಡಿದ ಮಾಲೀಕರು ಕೊನೆಗೆ ಕೇಳುವುದು ಒಂದೇ: “ಅದೆಲ್ಲ ಇರ್ಲಿ ಸರ, ಮಾಲು ಕದೀತಾನೋ ಇಲ್ಲೋ ಹೇಳ್ರಿ.”

ಈ ಅಂಕ ಅದನ್ನು ಹೇಳುವುದಿಲ್ಲ. ಅಚ್ಚುಕಟ್ಟಾಗಿ ಕದಿಯುವವರೂ ಇರುತ್ತಾರೆ. ಪ್ರಾಮಾಣಿಕತೆ ಈ ಐದರಲ್ಲಿ ಸರಿಯಾಗಿ ಕೂರುವುದಿಲ್ಲ ಎಂದೇ ಆ್ಯಷ್ಟನ್ ಮತ್ತು ಲೀ ಅದನ್ನು ಆರನೆಯ ಅಂಶವಾಗಿ ಸೇರಿಸಿ ಹೆಕ್ಸಾಕೊ ಎಂಬ ಬೇರೆ ಮಾದರಿ ಕಟ್ಟಿದರು. ಆದರೆ ಆರನೆಯದನ್ನು ಅಳೆದರೂ ಈ ಪ್ರಶ್ನೆಗೆ ಉತ್ತರ ಸಿಗದು, ಅದಕ್ಕೆ ಕಾರಣ ಸಾದಾ ಗಣಿತ. ನೂರು ಜನರಲ್ಲಿ ಮುಂದೆ ಕದಿಯುವವರು ನಾಲ್ವರು ಎಂದಿಟ್ಟುಕೊಳ್ಳಿ. ಕೆಳಗಿನ 20 ಮಂದಿಯನ್ನು ನೀವು ಅನುಮಾನದ ಪಟ್ಟಿಗೆ ಹಾಕುತ್ತೀರಿ, ಪರೀಕ್ಷೆ ಒಳ್ಳೆಯದೇ, ನಾಲ್ವರಲ್ಲಿ ಇಬ್ಬರನ್ನು ಹಿಡಿಯಿತು. ಆಗಲೂ ಪಟ್ಟಿಯಲ್ಲಿ ಕಳಂಕ ಹೊತ್ತ 18 ಮಂದಿ ನಿರಪರಾಧಿಗಳು, ಇಬ್ಬರು ಕಳ್ಳರು ಆರಾಮಾಗಿ ಒಳಗೆ. ಅಪರೂಪದ ಘಟನೆಯನ್ನು ಗುಣದ ಅಂಕದಿಂದ ಹಿಡಿಯಲು ಹೋದರೆ ಯಾವಾಗಲೂ ಹೀಗೇ ಆಗುತ್ತದೆ. ಕಳವಿಗೆ ಮದ್ದು ವಾರಕ್ಕೊಮ್ಮೆ ಹೇಳದೆ ಬಂದು ಚೀಲ ಎಣಿಸುವುದು.

ಮನಸ್ಸಿನ ಅಸ್ಥಿರತೆಯ ಅಂಕವನ್ನು ಕಾಯಿಲೆಯ ಸೂಚನೆ ಎಂದು ಓದುವುದೂ ಇದೇ ಜಾತಿಯ ತಪ್ಪು. ಆ ಪಟ್ಟಿ ರೋಗ ಗುರುತಿಸುವುದಕ್ಕಲ್ಲ.

ಹೆಜ್ಜೆ 6: ಅಂಕಕ್ಕೆ ಅದರ ಪಾಲು, ಅಷ್ಟೇ

ಸ್ಯಾಕೆಟ್ ಅವರದೇ ಪಟ್ಟಿಯಲ್ಲಿ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನದ ಸಹಸಂಬಂಧ 0.42, ಕೆಲಸವನ್ನೇ ಮಾಡಿಸಿ ನೋಡುವುದರದು 0.33. ಈ ಮೂರನ್ನೂ ಕೂಡಿಸಿ, 4:3:2ರ ತೂಕ ಕೊಡಿ.

ಕೆಲಸದ ಪರೀಕ್ಷೆ ಹೀಗಿರಲಿ: 20 ಚೀಲ, ಒಂದು ಕಾಟಾ, ತೇವಾಂಶ ನೋಡುವ ಯಂತ್ರ, ಒಂದು ಸ್ಟಾಕ್ ಪುಸ್ತಕ. ಪುಸ್ತಕದಲ್ಲಿ ಬೇಕೆಂದೇ ಮೂರು ತಪ್ಪು ಇಡಿ: ಒಂದು ಚೀಲ ಹೆಚ್ಚು, ಒಂದು ತೂಕದಲ್ಲಿ ಅಂಕಿ ಅದಲುಬದಲು, ಒಂದು ತೇವಾಂಶ ಬರೆಯದೆ ಬಿಟ್ಟದ್ದು. 45 ನಿಮಿಷ ಕೊಡಿ. ಹಿಡಿದ ತಪ್ಪಿಗೆ ಅಂಕ, ಇಲ್ಲದ ತಪ್ಪು ಹುಟ್ಟಿಸಿದರೆ ಕಡಿತ. 12 ಮಂದಿಯ ಸರಾಸರಿಯಿಂದ ಪ್ರತಿಯೊಬ್ಬರೂ ಎಷ್ಟು ಮಾನಕ ವಿಚಲನೆ ದೂರವಿದ್ದಾರೆ ಎಂದು ತೆಗೆಯಿರಿ. ಸಂದರ್ಶನಕ್ಕೂ ಹಾಗೆಯೇ.

43ರವನು ಸಂದರ್ಶನದಲ್ಲಿ 0.3, ಕೆಲಸದಲ್ಲಿ −0.2, ಅಚ್ಚುಕಟ್ಟುತನದಲ್ಲಿ 0.38. 39ರವನು ಕ್ರಮವಾಗಿ 0.5, 0.8, −0.28.

```
43: (4×0.3) + (3×−0.2) + (2×0.38)  = 1.36
39: (4×0.5) + (3×0.8)  + (2×−0.28) = 3.84
```

ಕೆಲಸ ಎರಡನೆಯವನಿಗೆ. ಅವನ ಕಡಿಮೆ ಅಂಕವೂ ಲೆಕ್ಕಕ್ಕೆ ಬಂತು, ಆದರೆ ತನ್ನ ಪಾಲಿನಷ್ಟೇ. ‘40ಕ್ಕಿಂತ ಕಡಿಮೆ ಬಂದವರು ಬೇಡ’ ಎಂದು ಮೊದಲೇ ಗೆರೆ ಎಳೆದಿದ್ದರೆ ಅವನು ಚೀಲದ ಹತ್ತಿರವೂ ಬರುತ್ತಿರಲಿಲ್ಲ. ಹೊರಗೆ ಹಾಕುವ ಗೆರೆಯಾಗಿ ಈ ಅಂಕವನ್ನು ಬಳಸಬಾರದು ಎನ್ನುವುದಕ್ಕೆ 2.75ರ ದೋಷವೊಂದೇ ಸಾಕಾದ ಕಾರಣ.

ಹಿಂದಿನ ಮಾಲೀಕರೋ ಜೊತೆಗೆ ಕೆಲಸ ಮಾಡಿದವರೋ ಸಿಕ್ಕರೆ ಅದೇ ಹತ್ತು ವಾಕ್ಯಗಳನ್ನು ‘ಇವರು ಕೆಲಸದ ಜಾಗದಲ್ಲಿ...’ ಎಂದು ಬದಲಿಸಿ ಅವರಿಂದಲೂ ತುಂಬಿಸಿ. ಬೇರೆಯವರು ಕೊಟ್ಟ ಅಂಕ ತಾನೇ ಕೊಟ್ಟುಕೊಂಡದ್ದಕ್ಕಿಂತ ಕೆಲಸದೊಂದಿಗೆ ಹೆಚ್ಚು ಹೊಂದುತ್ತದೆ ಎಂದು 2011ರಲ್ಲಿ ಓ, ವಾಂಗ್ ಮತ್ತು ಮೌಂಟ್ ತೋರಿಸಿದ್ದಾರೆ. ಈ ಕಡೆ ಒಂದು ತೊಂದರೆ ಇದೆ, ಕೇಳಿದ ಹಿಂದಿನ ಮಾಲೀಕರು ಬೀಗರೋ ಊರಿನವರೋ ಆಗಿರುತ್ತಾರೆ, ಎಲ್ಲ 5 ಹಾಕಿ ಕಳಿಸುತ್ತಾರೆ. ಹೆಜ್ಜೆ 3ರ ನಡು ಲೆಕ್ಕ ಇದನ್ನು ಹಿಡಿಯುತ್ತದೆ.

ಹಾಳೆಗಳಿಗೆ ದಿನಾಂಕ ಹಾಕಿ ಬೀಗದೊಳಗಿಡಿ, ಐದು ವರ್ಷದ ಹಿಂದಿನ ಅಂಕವನ್ನು ಬಡ್ತಿಯ ಹೊತ್ತಿಗೆ ಹೊರತೆಗೆಯಬೇಡಿ. ವಯಸ್ಸು ಇಪ್ಪತ್ತರಿಂದ ನಲವತ್ತಕ್ಕೆ ಹೋಗುವಾಗ ಸರಾಸರಿಯಲ್ಲಿ ಅಚ್ಚುಕಟ್ಟುತನ ಏರುತ್ತದೆ, ಇಪ್ಪತ್ತೆರಡರ ಹುಡುಗನ 35 ಅವನ ಹಣೆಬರಹವಲ್ಲ. ಈ 0.2 ನಿಮ್ಮ ಮಿಲ್ಲಿನಲ್ಲೂ ನಿಜವೇ ಎಂದು ಪರೀಕ್ಷಿಸಬೇಕೆನಿಸಿದರೆ, ನೇಮಕದ ಹೊತ್ತಿನ ಅಂಕ ಒಂದು ಕಡೆ, ವರ್ಷದ ಕೊನೆಗೆ ಪುಸ್ತಕಕ್ಕೂ ಗೋದಾಮಿಗೂ ಬಂದ ಚೀಲಗಳ ವ್ಯತ್ಯಾಸ ಇನ್ನೊಂದು ಕಡೆ ಬರೆಯುತ್ತ ಹೋಗಿ. ಇಷ್ಟು ಸಣ್ಣ ನಂಟು ಆಕಸ್ಮಿಕವಲ್ಲ ಎಂದು ಹೇಳಲು ಸುಮಾರು 190ಕ್ಕೂ ಹೆಚ್ಚು ಜನರ ದಾಖಲೆ ಬೇಕು. ಒಂದು ಮಿಲ್ಲಿನಲ್ಲಿ ಅಷ್ಟು ಗುಮಾಸ್ತರು ಇರುವುದಿಲ್ಲ, ಹತ್ತಾರು ಮಿಲ್ಲಿನವರು ಒಂದೇ ಹಾಳೆ ಬಳಸಲು ಒಪ್ಪಬೇಕಾಗುತ್ತದೆ.